ಪೋಡಿ ಹುಡುಕಹೋಗಿ ಚಟ್ನಿಪುಡಿ ಸಿಕ್ಕಿದ್ದು

ಅಪ್ಪ ಫೋನ್ ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. "ಪಹಣೀಲಿ ಹೆಸರೇನೋ ಇದೆ ಕಣೋ, ಆದ್ರೆ ಪೋಡಿ ಆಗಿಲ್ವಂತೆ. ಪೋಡಿ ಮಾಡಿಸ್ಕೊಂಡು ಬನ್ನಿ, ಸಾಲದ ಮಾತು ಆಮೇಲೆ ಅಂದ್ಬಿಟ್ರು. ನೀನು ಅದೇನೋ ನೆಟ್ಟಲ್ಲಿ ನೋಡ್ತಿರ್ತೀಯಲ್ಲ, ನೋಡಿ ಹೇಳು" ಅಂದರು. ಬ್ಯಾಂಕಿನವರ ಮೇಲಿನ ಸಿಟ್ಟು ಅರ್ಧ ನನ್ನ ಮೇಲೂ ಇತ್ತು. ಫೋನಿಟ್ಟವನೇ ಮೊಬೈಲಿನಲ್ಲಿ podi ಅಂತ ಹೊಡೆದೆ. ಕನ್ನಡ ಕೀಬೋರ್ಡಿಗೆ ಬದಲಾಯಿಸುವಷ್ಟು ತಾಳ್ಮೆ ಆ ಹೊತ್ತಿನಲ್ಲಿ ಯಾರಿಗಿರುತ್ತದೆ?

ಬಂದದ್ದೆಲ್ಲ ಚಟ್ನಿಪುಡಿ. ಇಡ್ಲಿಗೆ ಹಚ್ಚುವ ಪುಡಿ, ಕರಿಬೇವಿನ ಪುಡಿ, ತುಪ್ಪ ಸುರಿದು ಪುಡಿ ಉದುರಿಸಿದ ದೋಸೆಯ ಚಿತ್ರಗಳು. ಎರಡನೇ ಪುಟಕ್ಕೆ ಹೋದರೂ ಅದೇ. ನಮ್ಮ ಎರಡು ಎಕರೆ ಹೊಲದ ಸುಳಿವೇ ಇಲ್ಲ.

ಹಾಗಾಗಲು ಕಾರಣವಿದೆ. ತಮಿಳು, ತೆಲುಗು, ಮಲಯಾಳ ಮೂರರಲ್ಲೂ ಪುಡಿಗೆ 'ಪೊಡಿ' ಎನ್ನುತ್ತಾರೆ. ಆ ಭಾಷೆಗಳ ಅಡುಗೆಯವರೆಲ್ಲ ಇಂಗ್ಲಿಷಿನಲ್ಲಿ ಬರೆಯುವಾಗ podi ಎಂದೇ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಇಳಿದ ಕೂಡಲೇ ನಮ್ಮ ಪೋಡಿಯ ದೀರ್ಘ ಬಿದ್ದುಹೋಗುತ್ತದೆ, ಡ ಮತ್ತು ದ ಒಂದೇ ಆಗುತ್ತವೆ, ಪದ ಯಾವ ಭಾಷೆಯದ್ದೆಂಬ ಗುರುತೂ ಅಳಿಸಿಹೋಗುತ್ತದೆ. ಆ ನಾಲ್ಕು ಅಕ್ಷರಗಳ ಮೇಲೆ ನಾಲ್ಕು ಭಾಷೆಯವರ ಹಕ್ಕಿದೆ. ಅವರಲ್ಲಿ ಜಮೀನಿನ ಅರ್ಥದಲ್ಲಿ ಹುಡುಕುವವರು ನಾವು ಒಂದಷ್ಟು ಜನ ಮಾತ್ರ. ಜನಸಂಖ್ಯೆಯಲ್ಲೇ ಸೋತೆವು.

ಪೋಡಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ನಲವತ್ತು ಎಕರೆಯ ಒಂದು ಸರ್ವೆ ನಂಬರಿದೆ ಅಂದುಕೊಳ್ಳಿ. ಸರ್ಕಾರ ಅದರಲ್ಲಿ ಹದಿನೈದು ಜನರಿಗೆ ತುಂಡು ತುಂಡಾಗಿ ಮಂಜೂರು ಮಾಡಿರುತ್ತದೆ. ಪಹಣಿಯಲ್ಲಿ ಹದಿನೈದು ಹೆಸರೂ ಬರುತ್ತವೆ, ಯಾರಿಗೆ ಎಷ್ಟು ಎಕರೆ ಎಷ್ಟು ಗುಂಟೆ ಎನ್ನುವುದೂ ಬರುತ್ತದೆ. ಆದರೆ ನಕ್ಷೆಯಲ್ಲಿ ಮಾತ್ರ ನಲವತ್ತು ಎಕರೆಯ ಒಂದೇ ಆಕೃತಿ. ಯಾರ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಊರಿಗೆ ಗೊತ್ತು, ದಾಖಲೆಗೆ ಗೊತ್ತಿಲ್ಲ. ಸರ್ವೆಯವರು ಬಂದು ಒಂದೊಂದೇ ತುಂಡನ್ನು ಅಳೆದು, ಬೇರೆ ಬೇರೆ ನಂಬರ್ ಕೊಟ್ಟು, ನಕ್ಷೆ ಬರೆದು, ಒಂದೊಂದು ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ದಾಖಲೆಯಾದ ಆಕಾರಬಂದ್‌ನಲ್ಲಿ ಸೇರಿಸುವ ಕೆಲಸವೇ ಪೋಡಿ. ಮರಾಠಿಯಲ್ಲಿ ಒಡೆಯುವುದಕ್ಕೆ 'ಫೋಡಣೆ' ಎನ್ನುತ್ತಾರೆ, ಅದೇ ಬೇರಿನ ಮಾತು ಇದು. ಆ ಮರಾಠಿ 'ಫ' ಮುಂದೆ ನನ್ನ ನೆರವಿಗೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಬುದ್ಧಿ ಬಂದು ಕನ್ನಡ ಲಿಪಿಯಲ್ಲೇ ಪೋಡಿ ಎಂದು ಹುಡುಕಿದೆ. ಊಟದ ತಟ್ಟೆಯಿಂದ ತಾಲ್ಲೂಕು ಕಚೇರಿಗೆ ಬಂದ ಹಾಗಾಯಿತು. 'ಪೋಡಿ ಮುಕ್ತ ಗ್ರಾಮ', 'ದರಖಾಸ್ತು ಪೋಡಿಗೆ ರೈತರ ಅಲೆದಾಟ', ಸಚಿವರ ಭಾಷಣ, ತಹಶೀಲ್ದಾರರ ಸಭೆ, ರೈತಸಂಘದ ಧರಣಿ. ಮೂರು ಭಾಷೆಯ ಪುಡಿಗಳು ಒಂದೇ ಏಟಿಗೆ ಮಾಯ. ಲಿಪಿಯೇ ಬೇಲಿಯಾಗಿ ನಿಂತಿತ್ತು.

ಆದರೂ ಪೂರ್ತಿ ಮಾಯವಾಗಿರಲಿಲ್ಲ. ನಡುನಡುವೆ ಜೀಗುಜ್ಜೆ ಪೋಡಿ ಬರುತ್ತಿತ್ತು. ಕರಾವಳಿಯಲ್ಲಿ ಬಜ್ಜಿಗೆ ಪೋಡಿ ಎನ್ನುತ್ತಾರೆ. ಅಲ್ಲಿ ತುಳು, ಕೊಂಕಣಿ ಮಾತಾಡುವವರೂ ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ. ಈ ಬೇಲಿ ಲಿಪಿಗೆ ಹಾಕಿದ್ದೇ ಹೊರತು ಭಾಷೆಗೆ ಹಾಕಿದ್ದಲ್ಲ. ಒಂದು ಮೈನಸ್ ಗುರುತು ಹಾಕಿ ಜೀಗುಜ್ಜೆಯನ್ನು ಆಚೆ ಕಳಿಸಿದೆ. ಮನಸ್ಸಿಲ್ಲದೆ ಕಳಿಸಿದೆ, ಅದು ಬೇರೆ ಮಾತು.

ಕನ್ನಡದಲ್ಲಿ ಸಿಕ್ಕಿದ್ದರಿಂದ ನನಗೆ ಮುಖ್ಯವಾಗಿ ತಿಳಿದದ್ದು ಕೆಲಸ ನಡೆಯುವ ದಾರಿ. ತಾಲ್ಲೂಕು ಕಚೇರಿಯ ಯಾವ ವಿಭಾಗ ಏನು ಮಾಡುತ್ತದೆ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿ ಎಲ್ಲಿ ಬರುತ್ತದೆ, ಮಂಜೂರಾದ ಜಮೀನಿಗೆ ಮೂಲ ಕಡತ ಬೇಕೇಬೇಕು, ಜಮೀನು ಮಂಜೂರಾದಾಗ ಅಜ್ಜನಿಗೆ ಕೊಟ್ಟ ಸಾಗುವಳಿ ಚೀಟಿ ಹುಡುಕಿಡಬೇಕು. ಜಿಲ್ಲಾ ಪುಟದ ಪುಟ್ಟ ಸುದ್ದಿಗಳಲ್ಲಿ ಇದೆಲ್ಲ ಚೂರು ಚೂರಾಗಿ ಇತ್ತು. ಆದರೆ ನನ್ನ ನಿಜವಾದ ಪ್ರಶ್ನೆ ಬೇರೆ. ನಮ್ಮ ಸರ್ವೆ ನಂಬರಿನಲ್ಲಿ ಮಂಜೂರಾದ ಎಕರೆಗಳನ್ನೆಲ್ಲ ಕೂಡಿದರೆ ಆಕಾರಬಂದ್‌ನಲ್ಲಿರುವ ಒಟ್ಟು ವಿಸ್ತೀರ್ಣಕ್ಕಿಂತ ಹೆಚ್ಚು ಬರುತ್ತದೆ ಎಂದು ಚಿಕ್ಕಪ್ಪ ಎಂದೋ ಹೇಳಿದ್ದರು. ಇರುವುದಕ್ಕಿಂತ ಹೆಚ್ಚು ಹಂಚಿದ್ದರೆ ಅಳೆಯುವುದು ಹೇಗೆ? ಯಾರಿಗೆ ಕಡಿಮೆಯಾಗುತ್ತದೆ? ಈ ಸಮಸ್ಯೆ ಇದೆ ಎಂದು ಪತ್ರಿಕೆಗಳು ಹೇಳಿದ್ದವು. ಕೊನೆಗೆ ಏನಾಯಿತು ಎಂದು ಹೇಳಿರಲಿಲ್ಲ. ಧರಣಿ ಸುದ್ದಿಯಾಗುತ್ತದೆ, ಧರಣಿ ಮುಗಿದ ಆರು ವರ್ಷಕ್ಕೆ ಬರುವ ಆದೇಶ ಸುದ್ದಿಯಾಗುವುದಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ವಕೀಲರಿದ್ದಾರೆ. ಮೆಟ್ಟಿಲ ಮೇಲೆ ಸಿಕ್ಕಾಗ ಹೀಗೆ ಹೀಗೆ ಅಂದೆ. "ಏನು ಹೊಡೆದು ಹುಡುಕಿದ್ರಿ?" ಅಂದರು. ಹೇಳಿದೆ. ನಕ್ಕರು. "ಕೋರ್ಟಲ್ಲಿ ಪಿ ಪಕ್ಕ ಎಚ್ ಹಾಕ್ತೀವಿ ಸಾರ್. ಪಿ-ಎಚ್-ಓ-ಡಿ-ಐ. ಹಾಕಿ ನೋಡಿ."

phodi ಎಂದು ಹೊಡೆದೆ. ಚಟ್ನಿಪುಡಿಯೂ ಇಲ್ಲ, ಧರಣಿಯೂ ಇಲ್ಲ, ಹೈಕೋರ್ಟಿನ ತೀರ್ಪುಗಳು ಸಾಲಾಗಿ ಬಂದವು. ಮರಾಠಿಯ ಆ 'ಫ' ಕಂದಾಯ ಇಲಾಖೆಯ ಇಂಗ್ಲಿಷಿನಲ್ಲಿ ಇನ್ನೂ ಜೀವಂತವಾಗಿದೆ. ನಮ್ಮ ಬಾಯಲ್ಲಿ ಅದು ಪ ಆಗಿ ಎಷ್ಟು ಕಾಲವಾಯಿತೋ. ಇಂಗ್ಲಿಷಿನವರು ಅದಕ್ಕೆ ಬಾಲವನ್ನೂ ಕಟ್ಟಿದ್ದಾರೆ: ಪೋಡಿಯಾದ ಜಮೀನು phoded, ಆಗದಿದ್ದರೆ not phoded. ಪೋಡಿಯ ಜೊತೆ ದಾಖಲೆ ಸರಿಪಡಿಸುವುದಕ್ಕೆ ಹೇಳುವ ದುರಸ್ತಿ ಅಲ್ಲಿ durasth ಆಗಿದೆ, ಒಮ್ಮೊಮ್ಮೆ durasthi. ದರಖಾಸ್ತು ಒಂದು ಕಡೆ darkhast, ಇನ್ನೊಂದು ಕಡೆ durkhast. ಸಾಗುವಳಿ ಚೀಟಿ ಮಾತ್ರ ಸುಮಾರಾಗಿ ಎಲ್ಲ ಕಡೆ saguvali chit ಎಂದೇ ಇದೆ. ಆದ್ದರಿಂದ ಅದನ್ನೇ ಗೂಟ ಮಾಡಿಕೊಂಡು ಹುಡುಕಿದೆ:

```
phodi "saguvali chit" akarband
phoded "saguvali chit" excess
"ಪೋಡಿ" "ಸಾಗುವಳಿ ಚೀಟಿ" -ಜೀಗುಜ್ಜೆ
```

ಮೊದಲೆರಡು ಸಾಲು ನನ್ನನ್ನು ತೀರ್ಪುಗಳಿಗೆ ಕರೆದೊಯ್ದವು. indiankanoon.org ಥರದ ತಾಣಗಳಲ್ಲಿ ಇವು ಪೂರ್ತಿ ಪಠ್ಯವಾಗಿಯೇ ಸಿಗುತ್ತವೆ. ಚಿಕ್ಕಪ್ಪ ಹೇಳಿದ ಸಮಸ್ಯೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ: ಮಂಜೂರಾತಿ ಹೆಚ್ಚು, ನೆಲ ಕಡಿಮೆ, ಕಡತ ನಾಪತ್ತೆ, ಅರ್ಜಿ ವರ್ಷಗಟ್ಟಲೆ ಬಾಕಿ. ಅರ್ಜಿಯನ್ನು ಇಂತಿಷ್ಟು ತಿಂಗಳೊಳಗೆ ಪರಿಶೀಲಿಸಿ ತೀರ್ಮಾನಿಸಿ ಎಂದು ಅಧಿಕಾರಿಗೆ ಸೂಚಿಸಿ ಮುಗಿಸಿದ ತೀರ್ಪುಗಳೂ ಇವೆ. ಒಂದೇ ಸಂಗತಿಗೆ ಕನ್ನಡದ ಪುಟಗಳಲ್ಲಿ ನೋವು, ಇಂಗ್ಲಿಷಿನ ಪುಟಗಳಲ್ಲಿ ತೀರ್ಮಾನ. ಎರಡೂ ಒಂದೇ ರೈತನದ್ದೇ ಇರಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ.

ದಾರಿಯಿಲ್ಲದಿರುವುದಕ್ಕೆ ಕಾರಣ ತೀರಾ ಸಾದಾ. ಹುಡುಕುಯಂತ್ರ ಒಂದೊಂದು ಪದಕ್ಕೂ ಅದು ಬರುವ ಪುಟಗಳ ಪಟ್ಟಿ ಇಟ್ಟುಕೊಂಡಿರುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ನಾವು ಕೇಳಿದಾಗ ಆ ಪಟ್ಟಿಯನ್ನೇ ತೆಗೆದು ಜೋಡಿಸಿ ಕೊಡುತ್ತದೆ. ಕನ್ನಡದ ಪೋಡಿ ಒಂದು ಪಟ್ಟಿ, podi ಇನ್ನೊಂದು, phodi ಮತ್ತೊಂದು. ನಮಗೆ ಮೂರೂ ಒಂದೇ ಪದ, ಯಂತ್ರಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಸಂಕೇತಗಳ ಮೂರು ಸಾಲು. ಜನ ತುಂಬ ಹುಡುಕುವ ಪದಗಳಿಗೆ ಯಂತ್ರವೇ ಸೇತುವೆ ಕಟ್ಟಿಕೊಂಡಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ kannada suddi ಎಂದರೂ ಕನ್ನಡ ಲಿಪಿಯ ಪುಟ ಬರುವುದುಂಟು. ಆಕಾರಬಂದ್ ಥರದ ಅಪರೂಪದ ಪದಕ್ಕೆ ಆ ಸೇತುವೆಯನ್ನು ನಂಬಿ ಕೂರಬಾರದು.

ಆಕಾರಬಂದ್ ಎಂದಾಗ ನೆನಪಾಯಿತು. ಕನ್ನಡ ಲಿಪಿಯಲ್ಲಿ ಹುಡುಕಿದರೆ ಕಾಗುಣಿತದ ಗೋಳಿಲ್ಲ ಎಂದುಕೊಂಡಿದ್ದೆ. ಇದೆ. ಆಕಾರಬಂದ್, ಆಕಾರ್ ಬಂದ್, ಆಕಾರ್‌ಬಂದ್ ಮೂರೂ ಚಾಲ್ತಿಯಲ್ಲಿವೆ. ಮೂರನೆಯದರಲ್ಲಿ 'ರ್' ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ. ಅದು ಯುನಿಕೋಡಿನ U+200C, ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ 'ಆಕಾರ್ಬಂದ್' ಆಗಿ ಅರ್ಕಾವತ್ತು ಮೂಡುತ್ತದೆ. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದ್ದು ಹಾಕುವುದಿಲ್ಲ. ಮೇಲಾಗಿ ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. ಪೋಡಿಗೆ, ಪೋಡಿಯಾಗದ, ಪೋಡಿಮುಕ್ತ, ಪೋಡಿಗಾಗಿ ಒಂದೊಂದೂ ಯಂತ್ರದ ಕಣ್ಣಿಗೆ ಬೇರೆ ಪದವಾಗಬಹುದು. ಇಂಗ್ಲಿಷ್ ವಾಕ್ಯದೊಳಗೆ ಕೂತ phodi ಹೆಚ್ಚಾಗಿ ಬರಿಮೈಯಲ್ಲೇ ಇರುತ್ತದೆ, ಅಕ್ಕಪಕ್ಕದ ಪುಟ್ಟ ಪದಗಳು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಉದ್ಧರಣ ಚಿಹ್ನೆಯೊಳಗೆ "ಪೋಡಿ" ಎಂದು ಹಾಕಿ ಹುಡುಕಿ, ಏನೂ ಇಲ್ಲ ಎಂದು ಕೈಬಿಡುವ ಮೊದಲು "ಪೋಡಿಯಾಗದ" ಎಂದೂ ಒಮ್ಮೆ ಹಾಕಿ ನೋಡಬೇಕು. ನನಗೆ ಅತಿ ಉಪಯೋಗಕ್ಕೆ ಬಂದ ಸುದ್ದಿಯೊಂದು ಸಿಕ್ಕಿದ್ದು ಹಾಗೇ.

ಎರಡೂ ಲಿಪಿಯಲ್ಲಿ ಸೋಲುವ ಪದಗಳೂ ಇವೆ. ಖಾತೆ ನೋಡಿ. khata ಎನ್ನುವುದನ್ನು ಬೆಂಗಳೂರಿನ ಕಡೆ ಬಹಳ ಜನ katha ಎಂದು ಬರೆಯುತ್ತಾರೆ, ಹುಡುಕಿದರೆ ಪುರಾಣ ಪುಣ್ಯಕಥೆ ಶುರುವಾಗುತ್ತದೆ. ಸರಿ, ಕನ್ನಡದಲ್ಲಿ ಹೋಗೋಣ ಎಂದು 'ಖಾತೆ ಬದಲಾವಣೆ' ಎಂದರೆ ಮಂತ್ರಿಗಳ ಖಾತೆ ಬದಲಾವಣೆ ಬರುತ್ತದೆ. ಅಲ್ಲಿ ಯಾವ ಲಿಪಿಯೂ ಕಾಯುವುದಿಲ್ಲ, ಪಕ್ಕಕ್ಕೆ 'ನಿವೇಶನ' ಅಂತಲೋ 'ಆಸ್ತಿ' ಅಂತಲೋ ಇನ್ನೊಂದು ಪದ ನಿಲ್ಲಿಸಬೇಕು.

ಇಷ್ಟಾದರೆ ಇದು ಎರಡು ಬಾಗಿಲಿನ ಕತೆ. ಮೂರನೆಯದೊಂದಿದೆ. ಅದು ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ, ಆ ಇಂಗ್ಲಿಷ್ ತೀರ್ಪುಗಳ ನಟ್ಟನಡುವೆ. ಒಂದು ತೀರ್ಪಿನಲ್ಲಿ ತಹಶೀಲ್ದಾರರ ಆದೇಶವನ್ನು ಇದ್ದ ಹಾಗೇ ಉದ್ಧರಿಸಿದ್ದರು. ಓದಲು ಹೋದರೆ ಹೀಗಿತ್ತು:

```
¸ÀªÉð £ÀA§gï
```

ಒಂದು ಪ್ಯಾರಾ ಪೂರ್ತಿ ಇಂಥದ್ದೇ. ಹಿಂದೊಮ್ಮೆ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಮದುವೆ ಕಾರ್ಡು ಟೈಪು ಮಾಡಿದವರಿಗೆ ಇದರ ಗುರುತು ಹತ್ತುತ್ತದೆ. ಇದು 'ಸರ್ವೆ ನಂಬರ್'. ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ. ಆ ಫಾಂಟಿನಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರಲಿಲ್ಲ. ಯುರೋಪಿನ ಭಾಷೆಗಳ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಫಾಂಟ್ ಕಳಚಿದರೆ ಈ ಅವತಾರ. ಇಲ್ಲಿ § ಎಂದರೆ ಬ, gï ಎಂದರೆ ರ್. ಪೌಂಡಿನ ಗುರುತು £ ಬಂದಲ್ಲಿ ನ. ನಮ್ಮ ಪೋಡಿ ಈ ಲೋಕದಲ್ಲಿ ಹೀಗಿರುತ್ತದೆ:

```
¥ÉÆÃr
```

ಹಳೆಯ ಸುತ್ತೋಲೆ, ಆದೇಶಗಳ ಎಷ್ಟೋ ಪಿ.ಡಿ.ಎಫ್.ಗಳು ಇದೇ ಸ್ಥಿತಿಯಲ್ಲಿವೆ. ತೆರೆದರೆ ಚೆಂದದ ಕನ್ನಡ ಕಾಣುತ್ತದೆ, ಏಕೆಂದರೆ ಫಾಂಟು ಕಡತದೊಳಗೇ ಸೇರಿರುತ್ತದೆ. ಯಂತ್ರ ಓದುವುದು ಫಾಂಟನ್ನಲ್ಲ, ಒಳಗಿನ ಸಂಕೇತವನ್ನು. ಕನ್ನಡದಲ್ಲಿ ಪೋಡಿ ಎಂದು ಹುಡುಕಿದರೂ ಇವು ಬರುವುದಿಲ್ಲ, phodi ಎಂದರೂ ಬರುವುದಿಲ್ಲ. ಪತ್ತೆಹಚ್ಚುವುದು ಸುಲಭ: ಪಿ.ಡಿ.ಎಫ್. ತೆರೆದು ಒಂದು ಸಾಲು ನಕಲು ಮಾಡಿ ಬೇರೆಲ್ಲಾದರೂ ಅಂಟಿಸಿ. PÀ£ÁðlPÀ ¸ÀPÁðgÀ ಎಂದು ಬಂದರೆ 'ಕರ್ನಾಟಕ ಸರ್ಕಾರ', ನುಡಿಯದ್ದು. ನಕಲು ಮಾಡಲು ಏನೂ ಆಯ್ಕೆಯಾಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ.

ಹಾಗಾದರೆ ಆ ಅವತಾರದ ಅಕ್ಷರಗಳನ್ನೇ ಹುಡುಕುಪೆಟ್ಟಿಗೆಗೆ ಹಾಕಿದರೆ? ಹಾಕಿದೆ. ಕೆಲವು ಸಲ ಫಲಿಸುತ್ತದೆ, ಬಹಳ ಸಲ ಇಲ್ಲ. ಪೋಡಿಯ ಮೊದಲಲ್ಲೇ ಇರುವ ¥ ಜಪಾನಿನ ದುಡ್ಡಿನ ಗುರುತು. ಸಾಗುವಳಿಯ 'ಳಿ' ಅಲ್ಲಿ ½, ಅಂದರೆ ಅರ್ಧ. ಇವನ್ನೆಲ್ಲ ಯಂತ್ರ ಪದದ ಭಾಗವೆಂದು ಎಣಿಸದೆ ಅಲ್ಲೇ ಕತ್ತರಿಸಬಹುದು. ಇದಕ್ಕಿಂತ ಮೋಜಿನ ಸಂಗತಿ ಇನ್ನೊಂದಿದೆ. ನುಡಿಯಲ್ಲಿ ದೊಡ್ಡ ZÀ ಎಂದರೆ ಚ, ಸಣ್ಣ zÀ ಎಂದರೆ ದ. ಹುಡುಕುಯಂತ್ರಕ್ಕೆ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಎರಡೂ ಒಂದೇ. ಅಲ್ಲಿಗೆ 'ಚರ' 'ದರ' ಎರಡೂ ಒಂದೇ ಪದವಾದವು. ಹೀಗೆ ಹುಡುಕಿ ನಾನು ಎರಡು ಸಂಜೆ ಕಳೆದೆ. ಸಿಕ್ಕಿದ್ದು ಯಾವುದೋ ನೇಮಕಾತಿಯ ಪಟ್ಟಿ.

ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆ ಉಪಾಯ. ಪಿ.ಡಿ.ಎಫ್.ನ ಒಳಗನ್ನು ಯಂತ್ರ ಓದಲಾರದಿದ್ದರೂ ಅದರ ಹೊರಗಿನ ಹೆಸರನ್ನು ಓದುತ್ತದೆ. ಕಡತದ ಹೆಸರನ್ನು, ಕೊಂಡಿಯ ವಿಳಾಸವನ್ನು ನಮ್ಮ ಕಚೇರಿಗಳವರು ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತಾರೆ. ಕನ್ನಡದಲ್ಲಿ ಇಟ್ಟರೆ ಒಂದೊಂದು ಅಕ್ಷರವೂ, ಅದರ ಒಂದೊಂದು ಸ್ವರಚಿಹ್ನೆಯೂ ಮೂರು ಮೂರು ತುಂಡಾಗಿ, ಪೋಡಿಯಂಥ ಎರಡಕ್ಷರದ ಪದವೇ ಇಷ್ಟುದ್ದ ಆಗುತ್ತದೆ:

```
%E0%B2%AA%E0%B3%8B%E0%B2%A1%E0%B2%BF
```

ಹೀಗಾಗಿ ಒಳಗೆಲ್ಲ ಕನ್ನಡವಿರುವ ಸುತ್ತೋಲೆಗೂ ಹೊರಗೆ podi ಎಂದೋ phodi ಎಂದೋ ಹಣೆಪಟ್ಟಿ ಇರುತ್ತದೆ. ನಾನು ಹೀಗೆ ಹೊಡೆದೆ:

```
site:karnataka.gov.in filetype:pdf phodi
site:karnataka.gov.in filetype:pdf podi
site:karnataka.gov.in ಪೋಡಿ
```

ಮೂರಕ್ಕೂ ಮೂರು ಬೇರೆ ಪಟ್ಟಿ ಬಂತು. ಸರ್ಕಾರಿ ತಾಣದ ಬೇಲಿಯೊಳಗೆ ಚಟ್ನಿಪುಡಿಗೆ ಜಾಗವಿಲ್ಲದ್ದರಿಂದ podi ಕೂಡ ಇಲ್ಲಿ ಧೈರ್ಯವಾಗಿ ಬಳಸಬಹುದಾಯಿತು. ಸಿಕ್ಕ ನುಡಿ ಪಠ್ಯವನ್ನು ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಅದಕ್ಕೆ ಹಾಕಿ ಓದಿದೆ. ತೀರ್ಪಿನ ನಡುವಿನ ಆ ಪ್ಯಾರಾವನ್ನೂ ಹಾಗೇ ಬಿಡಿಸಿದೆ. ಇಡೀ ತೀರ್ಪಿನಲ್ಲಿ ನನಗೆ ಬೇಕಿದ್ದದ್ದು ಇದ್ದದ್ದೇ ಅದರಲ್ಲಿ: ಅಳತೆಗೆ ಮೊದಲು ಮೂಲ ಮಂಜೂರಾತಿ ಕಡತದ ನೈಜತೆ ನೋಡಿ, ಯಾರಿಗೆ ಎಷ್ಟು ಎಂಬ ಪಟ್ಟಿ ತಯಾರಿಸಬೇಕು ಎಂಬ ಕನ್ನಡದ ನಾಲ್ಕು ಸಾಲು. ಕನ್ನಡದ ಸಾಲೇ ಅದು. ಕನ್ನಡದಲ್ಲಿ ಹುಡುಕಿದ್ದರೆ ಜನ್ಮಕ್ಕೂ ಸಿಗುತ್ತಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿ, "ಮೊದಲು ಅಜ್ಜನ ಸಾಗುವಳಿ ಚೀಟಿ ಹುಡುಕಿ" ಅಂದೆ. "ಇಷ್ಟು ಹೇಳೋಕೆ ಹತ್ತು ದಿನ ಬೇಕಾಯ್ತಾ?" ಅಂದರು. ಚೀಟಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಮಂಜೂರಾತಿ ನಂಬರ್ ಮಾತ್ರ ಉಳಿದಿತ್ತು. ಅದರ ಮೇಲೆ ಕಡತದ ನಕಲಿಗೆ ಅರ್ಜಿ ಹಾಕಿದ್ದೇವೆ.

ಈ ಕಾಗುಣಿತಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಊರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ವಾಟ್ಸಾಪ್ ಮಾಡಿದ್ದೆ. ಅವರದ್ದೂ ಅದೇ ಸರ್ವೆ ನಂಬರು. ಸಂಜೆ ಅವನ ಉತ್ತರ ಬಂತು: "ಅಣ್ಣಾ, podhi ಬಿಟ್ಟಿದೀಯ. ಇಲ್ಲಿ ಸೈಬರ್ ಸೆಂಟರಿನ ಬೋರ್ಡಲ್ಲಿ ಹಂಗೇ ಬರೆದವ್ರೆ." ಡಿ ಪಕ್ಕ ಎಚ್. ಇದೆಂಥದ್ದು ಎಂದುಕೊಂಡೇ ಹುಡುಕಿದೆ. ಒಂದು ವಿಡಿಯೋ ಬಂತು. ಯಾರೋ ಸರ್ವೆಯರು ಹೊಲದ ಬದುವಿನ ಮೇಲೆ ನಿಂತು, ಬಾಂದುಕಲ್ಲು ತೋರಿಸಿ, ಎಲ್ಲಿಂದ ಅಳತೆ ಶುರು ಮಾಡುತ್ತಾರೆ ಎಂದು ನಮ್ಮ ಕಡೆಯ ಮಾತಿನಲ್ಲೇ ನಿಧಾನವಾಗಿ ಹೇಳುತ್ತಿದ್ದರು. ಅಪ್ಪನಿಗೆ ಅದನ್ನೇ ಕಳಿಸಿದೆ.